ಮಗಳು ಆರಡಿ ಮುಟ್ಟುತ್ತಾಳೆ ಎಂದರೆ: ಎತ್ತರ ತಡೆಯುವ ಚಿಕಿತ್ಸೆಗೆ ಒಪ್ಪುವ ಮೊದಲು ಹಾಕಬೇಕಾದ ಲೆಕ್ಕ

ಹನ್ನೆರಡು ವರ್ಷದ ಹುಡುಗಿ, ಎತ್ತರ ಈಗಲೇ 168 ಸೆಂ.ಮೀ. ಇನ್ನೂ ದೊಡ್ಡವಳಾಗಿಲ್ಲ. ಅವಳು ಎಲ್ಲಿಗೆ ಹೋಗಿ ನಿಲ್ಲುತ್ತಾಳೆ ಎಂದು ತಿಳಿಯಲು ವೈದ್ಯರು ಕಾಲನ್ನಲ್ಲ, ಎಡಗೈಯನ್ನು ನೋಡುತ್ತಾರೆ. ಅಂಗೈ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೆದು, ಮಾದರಿ ಚಿತ್ರಗಳ ಪುಸ್ತಕದ ಜೊತೆ ಹೋಲಿಸಿ ‘ಬೋನ್ ಏಜ್’, ಅಂದರೆ ಮೂಳೆಯ ವಯಸ್ಸು ಹೇಳುತ್ತಾರೆ. ಮೊದಲ ಹೆಜ್ಜೆ ಇದು. ಜೊತೆಗೇ ಮಾರ್ಫಾನ್ ಸಿಂಡ್ರೋಮ್, ಬೆಳವಣಿಗೆ ಹಾರ್ಮೋನಿನ ಅತಿಸ್ರಾವ, ಥೈರಾಯ್ಡ್ ತೊಂದರೆಗಳು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇದ್ದರೆ ದಾರಿಯೇ ಬೇರೆ. ಅಪ್ಪ ಅಮ್ಮ ಇಬ್ಬರೂ ಎತ್ತರವಿದ್ದು ಮಗಳು ಆರೋಗ್ಯವಾಗಿದ್ದರೆ ಮಾತ್ರ ಮುಂದಿನ ಮಾತು.

ಎರಡನೆಯದು ಲೆಕ್ಕ. ಬೋನ್ ಏಜ್ 12 ಎಂದಾದರೆ, ಬೇಲಿ–ಪಿನೋ ಕೋಷ್ಟಕದ ಪ್ರಕಾರ ಹುಡುಗಿ ತನ್ನ ಪೂರ್ಣ ಎತ್ತರದ ಶೇ 92.2ರಷ್ಟನ್ನು ಮುಟ್ಟಿದ್ದಾಳೆ. 168ನ್ನು 0.922ರಿಂದ ಭಾಗಿಸಿದರೆ 182 ಸೆಂ.ಮೀ., ಹೆಚ್ಚುಕಡಿಮೆ ಆರಡಿ. ಅದೇ ಎಕ್ಸ್-ರೇಯನ್ನು ಇನ್ನೊಬ್ಬರು ಹನ್ನೆರಡೂವರೆ ಎಂದು ಓದಿದರೆ? ಆಗ ಶೇ 94.1, ಉತ್ತರ 178.5. ಆರು ತಿಂಗಳ ಅಭಿಪ್ರಾಯಭೇದಕ್ಕೆ ಸುಮಾರು ನಾಲ್ಕು ಸೆಂ.ಮೀ. ಕರಗಿಹೋಯಿತು. ಈ ನಾಲ್ಕನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೆಯದು, ಮುಂದಿರುವ ದಾರಿಗಳು. ಹಳೆಯದು ಈಸ್ಟ್ರೋಜನ್, ಅಂದರೆ ಹೆಣ್ಣು ಹಾರ್ಮೋನಿನ ಮಾತ್ರೆ. ಎಲುಬು ಉದ್ದವಾಗುವುದು ತುದಿಯ ಬಳಿಯ ‘ಗ್ರೋತ್ ಪ್ಲೇಟ್’ ಎಂಬ ಮೆತ್ತನೆಯ ಪದರದಲ್ಲಿ; ಹುಡುಗಿಯರಲ್ಲಿ ಅದು ಮುಚ್ಚಿ ಬೆಳವಣಿಗೆ ನಿಲ್ಲುವುದು ಈಸ್ಟ್ರೋಜನ್‌ನಿಂದಲೇ. ಅದನ್ನು ಭಾರಿ ಪ್ರಮಾಣದಲ್ಲಿ ಕೊಟ್ಟು ಬೇಗ ಮುಚ್ಚಿಸುವುದು ಇದರ ಉಪಾಯ. ಮೆಲ್ಬರ್ನ್‌ನಲ್ಲಿ ಡಾ. ನಾರ್ಮನ್ ವೆಟನ್‌ಹಾಲ್ 1959ರಿಂದ ಹೀಗೆ ಚಿಕಿತ್ಸೆ ಕೊಡುತ್ತಿದ್ದರು. ಮೊದಲು ಸ್ಟಿಲ್‌ಬೆಸ್ಟ್ರಾಲ್, ಆಮೇಲೆ ದಿನಕ್ಕೆ 150 ಮೈಕ್ರೊಗ್ರಾಂ ಎಥಿನಿಲ್ ಎಸ್ಟ್ರಾಡಿಯಾಲ್. ಇಂದಿನ ಗರ್ಭನಿರೋಧಕ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು 20ರಿಂದ 35; ಹೋಲಿಸಿ ನೋಡಿ. ಇದನ್ನು ಎಲುಬು ಮುಚ್ಚುವವರೆಗೆ, ಹೆಚ್ಚಾಗಿ ಒಂದೆರಡು ವರ್ಷ ನುಂಗಬೇಕು. ವಾಕರಿಕೆ, ತೂಕ ಏರುವುದು, ರಾತ್ರಿ ಕಾಲು ಹಿಡಿದುಕೊಳ್ಳುವುದು, ಮೊಲೆತೊಟ್ಟು ಕಪ್ಪಾಗುವುದು ಮಾಮೂಲಿ ದೂರುಗಳು. ರಕ್ತ ಹೆಪ್ಪುಗಟ್ಟುವ ಭಯವೂ ಇದೆ.

ಇನ್ನೊಂದು ಶಸ್ತ್ರಚಿಕಿತ್ಸೆ. ನೆದರ್ಲೆಂಡ್ಸ್, ಸ್ವೀಡನ್‌ಗಳಲ್ಲಿ ಮಾಡಿದ್ದಾರೆ. ಅರಿವಳಿಕೆ ಕೊಟ್ಟು, ಎರಡೂ ಮೊಣಕಾಲಿನ ಪಕ್ಕದಲ್ಲಿ ಸಣ್ಣ ಗಾಯ ಮಾಡಿ, ತೊಡೆಮೂಳೆಯ ಕೆಳತುದಿ ಮತ್ತು ಮೊಣಕಾಲ ಕೆಳಗಿನ ಮೂಳೆಯ ಮೇಲ್ತುದಿಯ ಗ್ರೋತ್ ಪ್ಲೇಟನ್ನು ಡ್ರಿಲ್ ಹಾಕಿ ಕೆದಕಿ ತೆಗೆಯುತ್ತಾರೆ. ಹಾರ್ಮೋನಿನ ಗೊಡವೆಯಿಲ್ಲ. ಆದರೆ ಬೆನ್ನು ಬೆಳೆಯುತ್ತಲೇ ಇರುತ್ತದೆ, ಕಾಲು ನಿಲ್ಲುತ್ತದೆ. ಪ್ಲೇಟಿನ ಒಂದು ಬದಿ ಸರಿಯಾಗಿ ಮುಚ್ಚದಿದ್ದರೆ ಮೊಣಕಾಲು ಸೊಟ್ಟಗಾಗಬಹುದು, ಹಾಗಾಗಿ ಬೆಳವಣಿಗೆ ನಿಲ್ಲುವವರೆಗೂ ಎಕ್ಸ್-ರೇ ತಪ್ಪದು. ಒಮ್ಮೆ ಕೆದಕಿದ್ದು ಮತ್ತೆ ಬಾರದು.

ಲಾಭವೆಷ್ಟು? ಮೂಳೆ ವೈದ್ಯರ ಸರಳ ಸೂತ್ರವೊಂದಿದೆ: ಮೊಣಕಾಲಿನ ಮೇಲಿನ ಪ್ಲೇಟ್ ವರ್ಷಕ್ಕೆ 9 ಮಿ.ಮೀ., ಕೆಳಗಿನದು 6 ಮಿ.ಮೀ. ಬೆಳೆಯುತ್ತದೆ, ಹುಡುಗಿಯರಲ್ಲಿ 14ರ ಹೊತ್ತಿಗೆ ನಿಲ್ಲುತ್ತದೆ. ನಮ್ಮ ಹುಡುಗಿಯ ಬೋನ್ ಏಜ್ 12. ಉಳಿದಿರುವುದು ಎರಡು ವರ್ಷ, ವರ್ಷಕ್ಕೆ ಒಂದೂವರೆ ಸೆಂ.ಮೀ.; ಒಟ್ಟು ಮೂರು. ಎಕ್ಸ್-ರೇ ಓದುವುದರಲ್ಲೇ ಕಳೆದುಹೋದದ್ದು ನಾಲ್ಕು! ಕಾದು ನೋಡಿದರೆ ಅಂದಾಜು ಗಟ್ಟಿಯಾಗುತ್ತದೆ, ಆದರೆ ಅಷ್ಟರಲ್ಲಿ ತಡೆಯಲು ಬೆಳವಣಿಗೆಯೇ ಉಳಿದಿರುವುದಿಲ್ಲ. ಮಾತ್ರೆಗೂ ಇದೇ ಕಥೆ, ತಡವಾಗಿ ಶುರುಮಾಡಿದಷ್ಟೂ ಫಲ ಕಡಿಮೆ. ಮನೆಯವರು ಹಿಂಜರಿಯುವುದಕ್ಕೆ ನನಗೆ ಕಾಣುವ ಮೊದಲ ಸರಿಯಾದ ಕಾರಣ ಇದು.

ಎರಡನೆಯ ಕಾರಣ ಮೆಲ್ಬರ್ನ್‌ನ ಹುಡುಗಿಯರು ದೊಡ್ಡವರಾದ ಮೇಲೆ ಗೊತ್ತಾಯಿತು. ಆಸ್ಟ್ರೇಲಿಯಾದ ಸಂಶೋಧಕರು ಸುಮಾರು 780 ಎತ್ತರದ ಮಹಿಳೆಯರನ್ನು ವಿಚಾರಿಸಿ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದವರು ಚಿಕಿತ್ಸೆ ಪಡೆದವರಲ್ಲಿ, ಪಡೆಯದವರಿಗಿಂತ 1.8 ಪಟ್ಟು ಹೆಚ್ಚಿದ್ದರು. ಹದಿಮೂರರ ಹುಡುಗಿಗೆ ಮಾತ್ರೆ ಕೊಡುವಾಗ ಮೂವತ್ತರ ಹೆಂಗಸಿನ ಯೋಚನೆ ಯಾರಿಗೂ ಬಂದಿರಲಿಲ್ಲ. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಆ ನಿರ್ಧಾರದ ಬಗ್ಗೆ ಅತೃಪ್ತಿ ಹೇಳಿಕೊಂಡರು. ಪಡೆಯದೆ ಬೆಳೆದವರು ಬಹುತೇಕ ಎಲ್ಲರೂ, ಸದ್ಯ ಬಚಾವಾದೆವು ಎಂದರು.

ಕೊನೆಯ ಹೆಜ್ಜೆ ಹೀಗಿರಲಿ. ಆರು ತಿಂಗಳಿಗೊಮ್ಮೆ ಅದೇ ಗೋಡೆಗೆ ನಿಲ್ಲಿಸಿ ಅಳೆಯಿರಿ. ಮುಟ್ಟು ಶುರುವಾದ ಮೇಲೆ ಸಾಮಾನ್ಯವಾಗಿ ಉಳಿಯುವುದು 5ರಿಂದ 7 ಸೆಂ.ಮೀ., ಆ ದಿನಾಂಕ ಬರೆದಿಟ್ಟುಕೊಳ್ಳಿ. ವೈದ್ಯರ ಬಳಿ ಹೋದಾಗ ಹತ್ತು ನಿಮಿಷ ಹುಡುಗಿಯನ್ನು ಒಬ್ಬಳನ್ನೇ ಒಳಗೆ ಬಿಟ್ಟು ನೀವು ಹೊರಗೆ ಕೂತಿರಿ. ‘ಗಂಡು ಸಿಗುವುದು ಕಷ್ಟ’ ಎಂಬ ಚಿಂತೆ ಅವಳದೋ ನಿಮ್ಮದೋ ಎನ್ನುವುದು ಅಲ್ಲಿ ಗೊತ್ತಾಗುತ್ತದೆ.