ಜುಮಾ ಬಯಾನಿಗೆ ಒಂದು ಪೊಟ್ಟಣ ಮಂಡಕ್ಕಿ

ದಾವಣಗೆರೆಯ ಒಂದು ಮೊಹಲ್ಲಾ ಮಸೀದಿಯಲ್ಲಿ ನಾನು ಜುಮಾ ದಿನ ಬಯಾನ್ ಮಾಡುತ್ತೇನೆ. ಅರಬ್ಬಿ ಖುತ್ಬಾಕ್ಕೆ ಮೊದಲು 20 ನಿಮಿಷ ಸಿಗುತ್ತದೆ. ಮುಂದಿನ ಸಫ್‌ನಲ್ಲಿ ಉರ್ದು ಬಲ್ಲ ಹಿರಿಯರು, ಹಿಂದೆ ಕನ್ನಡ ಶಾಲೆಯ ಮಕ್ಕಳು. ಅದಕ್ಕೇ ಕನ್ನಡದಲ್ಲಿ ಮಾತಾಡುತ್ತೇನೆ. ಹಲಾಲ್, ಅಮಾನತ್, ಹಕ್ ಅನ್ನುವ ಪದಗಳನ್ನು ಹಾಗೇ ಬಿಡುತ್ತೇನೆ, ಅವು ಎಲ್ಲರಿಗೂ ಗೊತ್ತು.

ನೆರೆಹೊರೆಯ ಬಗ್ಗೆ ಮೊದಲ ಸಲ ಮಾತಾಡಿದಾಗ ದೊಡ್ಡ ತಪ್ಪು ಮಾಡಿದೆ. ಮಂಡಕ್ಕಿ ಭಟ್ಟಿಯ ಹೊಗೆಯಿಂದ ಅಕ್ಕಪಕ್ಕದವರಿಗೆ ಆಗುವ ತೊಂದರೆ ಹೇಳಿದೆ. ಯಾರ ಹೆಸರನ್ನೂ ಎತ್ತಲಿಲ್ಲ. ಆದರೆ ನಮ್ಮ ಓಣಿಯಲ್ಲಿ ಇರುವುದು ಒಂದೇ ಭಟ್ಟಿ. ಜನ ತಿರುಗಿ ಆ ಭಟ್ಟಿಯವರನ್ನೇ ನೋಡಿದರು. ಮುಂದಿನ ಜುಮಾಕ್ಕೆ ಅವರು ಬರಲಿಲ್ಲ. ಮನೆಗೆ ಹೋಗಿ ಮಾಫಿ ಕೇಳಿದೆ. "ಹಜ್ರತ್, ಇದನ್ನೇ ಮನೆಗೆ ಬಂದು ಹೇಳಿದ್ದರೆ ಕೇಳುತ್ತಿದ್ದೆ" ಅಂದರು.

ಪ್ರವಾದಿಯವರು ಯಾರದಾದರೂ ತಪ್ಪು ಕಿವಿಗೆ ಬಿದ್ದರೆ, "ಕೆಲವರಿಗೆ ಏನಾಗಿದೆ, ಹೀಗೆ ಮಾಡುತ್ತಾರಲ್ಲ" ಎಂದು ಹೆಸರಿಲ್ಲದೆ ಹೇಳುತ್ತಿದ್ದರು. ನಾನು ಹೆಸರು ಬಿಟ್ಟೆ, ಆಳನ್ನು ತೋರಿಸಿಬಿಟ್ಟೆ. ಈಗ ಬಯಾನ್ ಬರೆಯುವಾಗ ಪ್ರತಿ ಉದಾಹರಣೆಗೂ ಒಂದು ಲೆಕ್ಕ ಹಾಕುತ್ತೇನೆ: ಕೂತವರಲ್ಲಿ ಎಷ್ಟು ಜನಕ್ಕೆ ಇದು ತಾಗುತ್ತದೆ? ಒಬ್ಬಿಬ್ಬರಿಗೆ ಮಾತ್ರ ಅಂದರೆ ಅವರ ಮನೆಗೇ ಹೋಗಬೇಕು.

ಎರಡನೇ ಸಲ ಬೈಕ್ ವಿಷಯ ತಗೊಂಡೆ. ಜುಮಾ ದಿನ ನಮ್ಮ ಬೈಕುಗಳು ಪಕ್ಕದ ಮನೆಗಳ ಗೇಟಿಗೆ ಅಡ್ಡ ನಿಲ್ಲುತ್ತವೆ. ಇದು ಒಬ್ಬರ ತಪ್ಪಲ್ಲ, ಅರ್ಧ ಮಸೀದಿಯದು. ಬುಧವಾರವೇ ಪಕ್ಕದ ಮನೆಯ ಅಜ್ಜಿಯನ್ನು ಹೋಗಿ ಕೇಳಿದೆ. ಆಸ್ಪತ್ರೆಗೆ ಹೊರಟ ದಿನ ಆಟೋ ಗೇಟಿನ ಹತ್ತಿರ ಬರಲಾಗಲಿಲ್ಲವಂತೆ, ತಿರುವಿನ ತನಕ ನಡೆದರಂತೆ. ಇದನ್ನು ಮಸೀದಿಯಲ್ಲಿ ಹೇಳಲಾ ಅಂದೆ. "ಹೇಳ್ರಿ ಸಾಬ್ರೇ, ಆದ್ರೆ ಹುಡುಗ್ರನ್ನ ಬೈಬ್ಯಾಡ್ರಿ" ಅಂದರು. ಆ ಮಾತನ್ನೂ ಸೇರಿಸಿ ಹೇಳಿದೆ. ಸೂರಃ ನಿಸಾದ 36ನೇ ಆಯತ್ತಿನಲ್ಲಿ ನೆಂಟನಾದ ನೆರೆಯವನೂ ಇದ್ದಾನೆ, ನೆಂಟನಲ್ಲದ ನೆರೆಯವನೂ ಇದ್ದಾನೆ. ಇಬ್ಬರಿಗೂ ಒಳ್ಳೆಯದು ಮಾಡಿ ಅಂತ ಆಜ್ಞೆ. ಅಜ್ಜಿ ಎರಡನೆಯವರು. ಇಷ್ಟು ಸಾಕಾಯಿತು, ಇದಕ್ಕೆ ಹದೀಸ್ ಜೋಡಿಸಲಿಲ್ಲ.

ಅದೇ ಬಯಾನಿನ ಹಲಾಲ್ ಸಂಪಾದನೆಯ ಭಾಗಕ್ಕೆ ಒಂದು ಪೊಟ್ಟಣ ಮಂಡಕ್ಕಿ ತಂದಿದ್ದೆ. ಮೇಲೆ ಗರಿಗರಿ, ಅಡಿಯಲ್ಲಿ ತೇವಕ್ಕೆ ಮೆತ್ತಗಾದದ್ದು. ಒಬ್ಬ ಹುಡುಗನನ್ನು ಕರೆದು, "ಕೈ ಅಡಿತನಕ ಹಾಕಿ ನೋಡು" ಅಂದೆ. "ಮೇಲಿಂದು ಚೆನ್ನಾಗಿದೆ, ಕೆಳಗಿಂದು ಮೆತ್ತಗಿದೆ" ಅಂದ. ಆಗ ಒಂದು ಹದೀಸ್ ಹೇಳಿದೆ. ಪ್ರವಾದಿಯವರು ಪೇಟೆಯಲ್ಲಿ ಒಂದು ಧಾನ್ಯದ ರಾಶಿಗೆ ಕೈ ಹಾಕಿದರು, ಬೆರಳಿಗೆ ಒದ್ದೆ ತಾಗಿತು. ಮಳೆ ಬಿತ್ತು ಅಂತ ವ್ಯಾಪಾರಿ ಹೇಳಿದ. ಹಾಗಾದರೆ ಒದ್ದೆಯಾದದ್ದನ್ನು ಜನಕ್ಕೆ ಕಾಣುವ ಹಾಗೆ ಮೇಲೆ ಯಾಕೆ ಇಡಲಿಲ್ಲ ಅಂತ ಕೇಳಿದರು. ಮೋಸ ಮಾಡಿದವನು ನಮ್ಮವನಲ್ಲ ಅಂದರು. ಮಳೆಗೆ ನೆನೆದದ್ದು ಅವನ ತಪ್ಪಲ್ಲ, ಅಡಿಗೆ ಹಾಕಿದ್ದು ತಪ್ಪು. ಒದ್ದೆ ಮಾಲನ್ನು ಮಾರಲೇಬಾರದು ಅಂತ ಇಲ್ಲಿ ಹೇಳಿಲ್ಲ. ತೋರಿಸಿ, ಅದಕ್ಕೆ ತಕ್ಕ ಬೆಲೆಗೆ ಮಾರಬಹುದು. ಇದನ್ನು ಬಿಡಿಸಿ ಹೇಳದಿದ್ದರೆ ಬಡ ವ್ಯಾಪಾರಿಗೆ ಬರೀ ಭಯ ಉಳಿಯುತ್ತದೆ, ದಾರಿ ಕಾಣುವುದಿಲ್ಲ. ಗ್ಯಾರೇಜಿನ ಹುಡುಗ ಹಳೇ ಸಾಮಾನು ಹಾಕಿ ಹೊಸದರ ದುಡ್ಡು ತಗೊಂಡರೂ ಇದೇ ಲೆಕ್ಕ ಅಂತ ಸೇರಿಸಿದೆ, ಮಂಡಕ್ಕಿಯವರಷ್ಟೇ ತಲೆ ತಗ್ಗಿಸಬಾರದಲ್ವಾ?

ಈ ಪೊಟ್ಟಣದ ಕೆಲಸ ಬಯಾನ್ ಹೊತ್ತಲ್ಲಿ ಮಾತ್ರ ನಡೆಯುತ್ತದೆ. ಖುತ್ಬಾ ಶುರುವಾದ ಮೇಲೆ ಪಕ್ಕದವನಿಗೆ "ಸುಮ್ಮನಿರು" ಅನ್ನುವುದೂ ತಪ್ಪು. ಹಾಗಾಗಿ ಎರಡನೇ ಅಜಾನ್‌ಗೆ ಮೊದಲೇ ಎಲ್ಲ ಎತ್ತಿಟ್ಟೆ.

ನಮಾಜ್ ಮುಗಿದ ಮೇಲೆ ಒಬ್ಬ ಹಿರಿಯ ಚಾಚಾ ಬಂದು ಪಕ್ಕ ಕೂತರು. ವರ್ಷಗಟ್ಟಲೆ ಸೇರು ತುಂಬುವಾಗ ಗಿರಾಕಿಗೆ ಕಡಿಮೆ ಅಳೆದಿದ್ದೇನೆ, ತೌಬಾ ಮಾಡಿದರೆ ಸಾಕಾ ಅಂತ ಕೇಳಿದರು. ಜನರ ಹಕ್ಕಿಗೆ ಬರೀ ತೌಬಾ ಸಾಲದು, ಗಿರಾಕಿ ಗೊತ್ತಿದ್ದರೆ ಅವರಿಗೇ ಕೊಡಬೇಕು ಅಂದೆ. ಯಾರೆಂದು ಪತ್ತೆಯಾಗದಿದ್ದರೆ, ಅಂದಾಜು ಮಾಡಿ ಅವರ ಪರವಾಗಿ ಬಡವರಿಗೆ ದಾನ ಕೊಡಬೇಕು. ಆಮೇಲೆ ಅವರೇ ಸಿಕ್ಕಿ ಕೇಳಿದರೆ ಅವರಿಗೂ ಕೊಡಬೇಕು. ಚಾಚಾ ಬೆರಳು ಮಡಚಿ ಎಣಿಸಿದರು. "ನಾಲ್ಕು ಮನೆ ಗೊತ್ತಿವೆ. ಒಂದು ಆ ಅಜ್ಜಿಯದೇ" ಅಂದರು. ಸಂಜೆ ಅಸರ್ ಆದ ಮೇಲೆ ಚಾಚಾ ಒಂದು ಚೀಲ ಹೊತ್ತುಕೊಂಡು ಅಜ್ಜಿಯ ಗೇಟಿನ ಮುಂದೆ ನಿಂತಿದ್ದು ನೋಡಿದೆ.