ಸಿಲಿಂಡರ್ ತೂಕ ಕಡಿಮೆಯೇ? ಸೀಲ್ ಕೀಳುವ ಮೊದಲೇ ಹಿಡಿಯಿರಿ

ಇಪ್ಪತ್ತೇ ದಿನಕ್ಕೆ ಗ್ಯಾಸ್ ಖಾಲಿಯಾಯಿತೆಂದು ಏಜೆನ್ಸಿಗೆ ಹೋಗಿ ಜಗಳವಾಡಿದರೆ ಏನೂ ಆಗುವುದಿಲ್ಲ. ಸೀಲ್ ಕಿತ್ತ ಮೇಲೆ ತೂಕ ಕಡಿಮೆಯಿತ್ತು ಎನ್ನಲು ಸಾಕ್ಷಿಯೇ ಇರುವುದಿಲ್ಲ. ದೂರಿನ ಕೆಲಸವೆಲ್ಲ ಗ್ಯಾಸ್ ಗಾಡಿ ನಿಂತಲ್ಲೇ ಶುರುವಾಗಬೇಕು.

1. ಒಟಿಪಿ ಕೊಡುವ ಮೊದಲು ತೂಗಿಸಿ. ಕೋಡ್ ಹೇಳಿದಿರೆಂದರೆ ಸಿಲಿಂಡರ್ ಸರಿಯಾಗಿ ತಲುಪಿತೆಂದು ದಾಖಲಾಗುತ್ತದೆ. ಡೆಲಿವರಿಯವರು ತಕ್ಕಡಿ ತಂದು ತೂಗಿ ತೋರಿಸಲೇಬೇಕು.

ಎಲ್ಲರೂ ಎಡವುವುದು ಲೆಕ್ಕದಲ್ಲಿ. ಸಿಲಿಂಡರಿನ ಹಿಡಿಕೆಯ ಕೆಳಗೆ ಮೂರು ಪಟ್ಟಿಗಳಿವೆ. ಒಂದರ ಮೇಲೆ ಖಾಲಿ ಸಿಲಿಂಡರಿನ ತೂಕವಿರುತ್ತದೆ. ಇನ್ನೊಂದರ ಮೇಲೆ ಎ, ಬಿ, ಸಿ ಅಥವಾ ಡಿ ಅಕ್ಷರದ ಜೊತೆ ಇಸವಿ ಇರುತ್ತದೆ. ಅದು ಮುಂದಿನ ತಪಾಸಣೆಯ ಅವಧಿ, ತೂಕವಲ್ಲ. ಖಾಲಿ ತೂಕ 15.7 ಕೆ.ಜಿ. ಎಂದಿದ್ದರೆ ಅದಕ್ಕೆ ಒಳಗಿರಬೇಕಾದ ಗ್ಯಾಸಿನ ತೂಕ 14.2 ಸೇರಿಸಿ: ಒಟ್ಟು 29.9 ಬರಬೇಕು. 150 ಗ್ರಾಂ ಹೆಚ್ಚುಕಡಿಮೆಗೆ ಅವಕಾಶವಿದೆ. ಆದ್ದರಿಂದ 29.75 ಬಂದರೂ ಒಪ್ಪಬಹುದು. 28.9 ಬಂದರೆ ಒಂದು ಕೆ.ಜಿ. ಖೋತಾ, ವಾಪಸ್ ಕಳಿಸಿ ಬೇರೆ ಕೇಳಿ.

ಮಳೆಗಾಲದಲ್ಲಿ ತಳದ ಬಳೆಯಲ್ಲಿ ನೀರು, ಕೆಸರು ನಿಂತಿರುತ್ತದೆ, ಒರೆಸಿಯೇ ತೂಗಿಸಿ. ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ ನೋಡಿ. ಕೈಯಲ್ಲಿ ಹಿಡಿದು ತೂಗುವ ಸ್ಪ್ರಿಂಗ್ ತಕ್ಕಡಿಯಲ್ಲಿ ಮುಳ್ಳು ಅಲ್ಲಾಡುತ್ತದೆ, ನಿಂತ ಮೇಲೆ ಓದಿ. ಮೈತೂಕ ನೋಡುವ ಯಂತ್ರ ಈ ಕೆಲಸಕ್ಕೆ ಬೇಡ. ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಹತ್ತಿರದಲ್ಲಿದ್ದರೆ ಅದರಲ್ಲೇ ತೂಗಿಸುವುದು ಉತ್ತಮ.

2. ಮೂರು ಫೋಟೊ ತೆಗೆಯಿರಿ. ಖಾಲಿ ತೂಕದ ಪಟ್ಟಿ, ತಕ್ಕಡಿಯ ಮೇಲಿರುವ ಸಿಲಿಂಡರ್ (ಅಂಕಿ ಮತ್ತು ಸೀಲ್ ಒಟ್ಟಿಗೆ ಕಾಣಬೇಕು), ಬಿಲ್.

3. ಹೆಚ್ಚು ಹಣ ಕೇಳಿದರೆ. ಬಿಲ್ ಮೊತ್ತದಲ್ಲಿ ಮನೆಗೆ ತಲುಪಿಸುವ ಖರ್ಚೂ ಸೇರಿದೆ. ಹಳ್ಳಿ ದೂರ, ಘಾಟಿ ರಸ್ತೆ ಎಂದು ಸಾಗಣೆ ಕೇಳಿದರೆ ಅದನ್ನೂ ಬಿಲ್‌ನಲ್ಲಿ ಬರೆದುಕೊಡಲು ಹೇಳಿ. ನಗದು ಕೊಡಲೇಬೇಡಿ. ಬುಕ್ ಮಾಡುವಾಗಲೇ ಆನ್‌ಲೈನಿನಲ್ಲಿ ಕಟ್ಟಿಬಿಟ್ಟರೆ ಬಾಗಿಲಲ್ಲಿ ಚೌಕಾಸಿಯೇ ಇರುವುದಿಲ್ಲ. ಗೋದಾಮಿನಿಂದ ನೀವೇ ತಂದರೆ ತಲುಪಿಸುವ ಖರ್ಚನ್ನು ಕಳೆಯಬೇಕು, ಅದನ್ನು ಕೇಳಿ ಪಡೆಯಿರಿ.

4. ಏಜೆನ್ಸಿಗೆ ಬರೆದು ಕೊಡಿ. ಬಾಯಿಮಾತಿನ ದೂರಿಗೆ ಗುರುತಿಲ್ಲ. ಗ್ರಾಹಕ ಸಂಖ್ಯೆ, ಬಿಲ್ ಸಂಖ್ಯೆ, ದಿನಾಂಕ ಬರೆದು, ಕೆಳಗೆ ಇಷ್ಟು ಸಾಕು: “ಖಾಲಿ ತೂಕ 15.7, ಬರಬೇಕಾದದ್ದು 29.9, ತೂಗಿದಾಗ 28.9. ಬದಲಿ ಸಿಲಿಂಡರ್ ಕೊಡಿ.” ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ.

5. ಅಲ್ಲಿ ಆಗದಿದ್ದರೆ ಕಂಪನಿಗೆ. 1800 233 3555ಕ್ಕೆ ಕರೆ ಮಾಡಿ, ಅಥವಾ ಕಂಪನಿಯ ಆ್ಯಪ್‌ನಲ್ಲಿ ಫೋಟೊ ಸಮೇತ ದೂರು ಹಾಕಿ, ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. 1906 ಸೋರಿಕೆಗಷ್ಟೇ, ಇದಕ್ಕೆ ಬಳಸಬೇಡಿ. ಯಾರೂ ಮಾತಾಡಿಸದೆ “ಪರಿಹಾರವಾಗಿದೆ” ಎಂಬ ಸಂದೇಶ ಬಂದರೆ ಸುಮ್ಮನಾಗಬೇಡಿ. ಅದೇ ಸಂಖ್ಯೆ ಹಾಕಿ ಕಂಪನಿಯ ಪ್ರದೇಶ ಕಚೇರಿಯ ಸೇಲ್ಸ್ ಆಫೀಸರ್‌ಗೆ ಬರೆಯಿರಿ. ಅಲ್ಲೂ ಉತ್ತರ ಬಾರದಿದ್ದರೆ pgportal.gov.in ನಲ್ಲಿ ಪೆಟ್ರೋಲಿಯಂ ಸಚಿವಾಲಯಕ್ಕೆ ದೂರು ಹಾಕಿ. ತೂಕದ ಮೋಸವಾದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೂ ಅದೇ ಫೋಟೊ, ಅದೇ ಪ್ರತಿ ಕೊಡಬಹುದು.