ಹತ್ತು ಸೆಕೆಂಡಿನ ವಿಡಿಯೊ: ಅಡಿನಾಯ್ಡ್ ನೋಡುವ ರೀತಿ ಬದಲಿಸಿಕೊಂಡ ನನ್ನ ಅನುಭವ

ಐದು ವರ್ಷದೊಳಗಿನ ಮಗುವಿನ ಮೂಗಿಗೆ, ಎಚ್ಚರವಿರುವಾಗಲೇ, ನಿದ್ದೆಯ ಔಷಧಿ ಕೊಡದೆ ಸ್ಕೋಪ್, ಅಂದರೆ ಒಳಗಿನ ಚಿತ್ರ ತೋರಿಸುವ ತೆಳು ಕೊಳವೆ, ಹಾಕುತ್ತೇನೆ ಎಂದಾಗ ಹಿರಿಯ ಸಹೋದ್ಯೋಗಿಗಳು ತಲೆಯಾಡಿಸಿದ್ದರು. "ಎಕ್ಸ್‌ರೇ ತೆಗೆಸಿ, ಮುಗಿಯಿತು" ಎಂಬುದು ಅವರ ಮಾತು. ಈಗ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳ ಅಡಿನಾಯ್ಡನ್ನು, ಅಂದರೆ ಮೂಗಿನ ಹಿಂದೆ ಇದ್ದು ದೊಡ್ಡದಾದರೆ ಉಸಿರಿನ ದಾರಿ ಕಟ್ಟುವ ಗಡ್ಡೆಯಂಥ ಅಂಗಾಂಶವನ್ನು, ಹೊರರೋಗಿ ಕೋಣೆಯಲ್ಲೇ ಕಣ್ಣಾರೆ ನೋಡುತ್ತೇನೆ. ಅಂದು ತಲೆಯಾಡಿಸಿದವರಲ್ಲಿ ಇಬ್ಬರು ಇಂದು ತಮ್ಮ ರೋಗಿಗಳನ್ನು ನನ್ನ ಬಳಿ ಕಳುಹಿಸುತ್ತಾರೆ.

ಎಕ್ಸ್‌ರೇ ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ಅದು ಒಂದೇ ಒಂದು ಕ್ಷಣದ ನೆರಳು. ಆ ಕ್ಷಣದಲ್ಲಿ ಮಗು ಅಳುತ್ತಿದ್ದರೆ ಅಥವಾ ಉಗುಳು ನುಂಗುತ್ತಿದ್ದರೆ ಮೃದು ಅಂಗುಳ ಮೇಲೇರಿ ಅಡಿನಾಯ್ಡಿಗೆ ತಾಗುತ್ತದೆ, ಉಸಿರಿನ ದಾರಿ ಮುಚ್ಚಿಹೋದಂತೆ ಕಾಣುತ್ತದೆ. ತಲೆ ಸ್ವಲ್ಪ ತಿರುಗಿದ್ದರೂ ಅಳತೆ ಕೆಡುತ್ತದೆ. ಇನ್ನೊಂದು ಕಡೆ, ಗಡ್ಡೆ ಮುಂದಕ್ಕೆ ಬೆಳೆದು ಮೂಗಿನ ಹಿಂಬಾಗಿಲಿನೊಳಗೇ ಇಣುಕಿದ್ದರೆ ಎಕ್ಸ್‌ರೇ ಅದನ್ನು ಸರಿಯಾಗಿ ತೋರಿಸುವುದಿಲ್ಲ.

ಮೊದಲ ವರ್ಷ ಸೋಲುಗಳದ್ದೇ ಲೆಕ್ಕ. ಮೊದಲ ಇಪ್ಪತ್ತು ಮಕ್ಕಳಲ್ಲಿ ಸರಿಯಾಗಿ ನೋಡಲು ಸಾಧ್ಯವಾದದ್ದು ಏಳೆಂಟು ಮಕ್ಕಳಲ್ಲಿ ಮಾತ್ರ. ದೊಡ್ಡವರಿಗೆ ಬಳಸುವ 3.5 ಮಿ.ಮೀ. ಸ್ಕೋಪನ್ನೇ ಬಳಸಿ ಉಳಿತಾಯ ಮಾಡಲು ಹೊರಟಿದ್ದೆ. ಮೂರು ವರ್ಷದ ಒಬ್ಬ ಹುಡುಗ ತಲೆ ಕೊಡವಿದ ರಭಸಕ್ಕೆ ಸ್ಕೋಪಿನ ತುದಿಯ ಹೊದಿಕೆ ಹರಿಯಿತು. ಅದು ಗೊತ್ತಾಗದೆ, ಸೋರಿಕೆ ಪರೀಕ್ಷೆಯನ್ನೂ ಮಾಡದೆ ಸೋಂಕುನಿವಾರಕ ದ್ರಾವಣದಲ್ಲಿ ಮುಳುಗಿಸಿದೆ. ಒಳಗೆ ನೀರು ಸೇರಿ ಚಿತ್ರ ಮಸುಕಾಯಿತು. ದುರಸ್ತಿಗೆ ಹೊಸ ಸ್ಕೋಪಿನ ಅರ್ಧ ಬೆಲೆ ಹೋಯಿತು, ಎರಡು ತಿಂಗಳು ಉಪಕರಣವಿಲ್ಲದೆ ಕುಳಿತೆ. ಆ ಮೇಲೆ ಸಾಲ ಮಾಡಿ ಎರಡೂವರೆ ಮಿ.ಮೀ. ಒಳಗಿನ ಸ್ಕೋಪ್ ಕೊಂಡೆ. ಸಾಲ ತೀರಲು ಮೂರು ವರ್ಷ ಬೇಕಾಯಿತು. ಅಂದಿನಿಂದ ಪ್ರತಿ ಮಗುವಿನ ನಂತರವೂ ಸೋರಿಕೆ ಪರೀಕ್ಷೆ ತಪ್ಪಿಸಿಲ್ಲ.

ಸ್ಕೋಪ್ ಸಣ್ಣದಾದರೂ ಮಕ್ಕಳು ಅಳುವುದು ನಿಲ್ಲಲಿಲ್ಲ. ಕಾರಣ ತಿಳಿಯಲು ಬಹಳ ದಿನ ಹಿಡಿಯಿತು: ಮರಗಟ್ಟಿಸುವ ಲಿಗ್ನೊಕೇನ್ ಹನಿ. ಅದು ಕಹಿ. ಗಂಟಲಿಗೆ ಇಳಿಯುತ್ತಿದ್ದಂತೆ, ಸ್ಕೋಪ್ ಹತ್ತಿರ ಬರುವ ಮೊದಲೇ ಅಳು ಶುರುವಾಗುತ್ತಿತ್ತು. ಅದನ್ನು ಕೈಬಿಟ್ಟು, ಮೂಗಿನ ಊತ ಇಳಿಸುವ, ವಯಸ್ಸಿಗೆ ತಕ್ಕ ಕ್ಸೈಲೊಮೆಟಾಜೊಲಿನ್ ಹನಿ ಮಾತ್ರ ಎರಡೂ ಹೊಳ್ಳೆಗೆ ಹಾಕಿ ಹತ್ತು ನಿಮಿಷ ಕಾಯಲು ಆರಂಭಿಸಿದೆ. ಅಳು ಅರ್ಧಕ್ಕರ್ಧ ಕಡಿಮೆಯಾಯಿತು.

ಆ ಹತ್ತು ನಿಮಿಷ ನನಗೆ ಇನ್ನೊಂದು ಪಾಠ ಕಲಿಸಿತು. ಹನಿ ಹಾಕುವ ಮೊದಲು ತಣ್ಣನೆಯ ಉಕ್ಕಿನ ಪಟ್ಟಿಯನ್ನು ಹೊಳ್ಳೆಗಳ ಕೆಳಗೆ ಹಿಡಿದು ಆವಿಯ ಮಚ್ಚೆ ನೋಡುತ್ತೇನೆ, ಹತ್ತು ನಿಮಿಷದ ಬಳಿಕ ಮತ್ತೆ ನೋಡುತ್ತೇನೆ. ಮಚ್ಚೆ ದೊಡ್ಡದಾಗಿ, ಮಗು ತಾನಾಗಿಯೇ ಬಾಯಿ ಮುಚ್ಚಿ ಕುಳಿತರೆ ತಡೆಯ ದೊಡ್ಡ ಪಾಲು ಮೂಗಿನ ಮುಂಭಾಗದ ಊತದಲ್ಲಿದೆ ಎಂದು ಅನುಮಾನಿಸುತ್ತೇನೆ. ಮಚ್ಚೆಯೂ ಬೆಳೆಯದೆ, ಬಾಯಿಯೂ ತೆರೆದೇ ಇದ್ದರೆ ಹಿಂದೆ ಗಡ್ಡೆ ಕಾದಿರಬಹುದು. ಒಂದಷ್ಟು ಕಾಲ ಈ ಮಚ್ಚೆಗಳ ಸುತ್ತ ಪೆನ್ಸಿಲ್ ಎಳೆದು, ಚೌಕುಳಿ ಹಾಳೆಯ ಮೇಲೆ ವಿಸ್ತೀರ್ಣ ಲೆಕ್ಕ ಹಾಕಿದೆ. ಮೂಗಿನ ಎರಡು ಬದಿಗಳು ಸರದಿಯಂತೆ ಬಿಗಿದು ಸಡಿಲಗೊಳ್ಳುವುದರಿಂದ ಒಂದೇ ಮಗುವಿನ ಅಂಕಿ ಗಂಟೆಗೊಂದು ಬಂತು. ಆ ಪುಸ್ತಕ ಇನ್ನೂ ನನ್ನ ಬಳಿ ಇದೆ, ಲೆಕ್ಕ ಮಾತ್ರ ಬಿಟ್ಟೆ.

ಈಗಿನ ಕ್ರಮ ಹೀಗಿದೆ. ಮಗು ತಾಯಿಯ ಅಥವಾ ತಂದೆಯ ಮಡಿಲಲ್ಲಿ ಕೂರುತ್ತದೆ, ಕಾಲುಗಳು ಅವರ ಮೊಣಕಾಲುಗಳ ನಡುವೆ. ಅವರ ಒಂದು ಕೈ ಮಗುವಿನ ಎರಡೂ ತೋಳುಗಳ ಮೇಲೆ, ಇನ್ನೊಂದು ಹಣೆಯ ಮೇಲೆ. ನನ್ನ ಕಿರುಬೆರಳು ಮಗುವಿನ ಕೆನ್ನೆಗೆ ಊರಿರುತ್ತದೆ. ತಲೆ ಹೊರಳಿದರೆ ನನ್ನ ಕೈಯೂ ಜೊತೆಗೇ ಹೊರಳಬೇಕು. ಮೂಗಿನ ನೆಲದ ಗುಂಟ ಹಿಂದಕ್ಕೆ ಹೋಗುತ್ತೇನೆ. ಒಳಗಿರುವಾಗ ಅಳತೆಯ ಯೋಚನೆ ಮಾಡುವುದಿಲ್ಲ, ರೆಕಾರ್ಡ್ ಮಾಡಿ ಹೊರಗೆ ಬರುತ್ತೇನೆ. ಹತ್ತು ಸೆಕೆಂಡಿನ ಚಿತ್ರ ಸಾಕು. ಆ ಮೇಲೆ ಅದನ್ನು ನಿಧಾನಗತಿಯಲ್ಲಿ ಓಡಿಸಿ, ಮಗು ಉಸಿರು ಒಳಗೆಳೆಯುವಾಗ ಅಂಗುಳ ಕೆಳಗಿಳಿದ ಚೌಕಟ್ಟಿನಲ್ಲಿ ನಿಲ್ಲಿಸಿ, ಮೂಗಿನ ಹಿಂಬಾಗಿಲು ಎಷ್ಟು ಪಾಲು ಮುಚ್ಚಿದೆ, ಗಡ್ಡೆ ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ನಾಳದ ಬಾಯಿಗೆ ತಾಗಿದೆಯೇ ಎಂದು ನೋಡುತ್ತೇನೆ. ಅಳುವ ಮಗುವೂ ಉಸಿರು ಎಳೆಯಲೇಬೇಕು, ಆದ್ದರಿಂದ ಆ ಚೌಕಟ್ಟು ಸಾಮಾನ್ಯವಾಗಿ ಸಿಗುತ್ತದೆ. ಸ್ಕೋಪ್ ಒಳಗೆ ಹೋಗುವ ಕ್ಷಣದಲ್ಲಿ ಮಗುವಿಗೆ ಏನು ಹೇಳುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದಲ್ಲಿ ನಿಂತು ಕಲಿಯುವವರಿಗೆ ಹೇಳಿಕೊಡುತ್ತೇನೆ.

ನಾಲ್ಕೂವರೆ ವರ್ಷದ ಒಬ್ಬ ಹುಡುಗನ ಕತೆ ಹೇಳುತ್ತೇನೆ. ಗೊರಕೆ, ಸದಾ ತೆರೆದ ಬಾಯಿ, "ತಿಂಗಳಿಗೊಮ್ಮೆ ಗಂಟಲು ನೋವು". ಎಕ್ಸ್‌ರೇಯಲ್ಲಿ ಶೇಕಡ 80ರಷ್ಟು ತಡೆ ಎಂಬ ವರದಿ, ಶಸ್ತ್ರಚಿಕಿತ್ಸೆಗೆ ದಿನವೂ ಗೊತ್ತಾಗಿತ್ತು. ಎಕ್ಸ್‌ರೇ ಕೋಣೆಯಲ್ಲಿ ಅವನು ಜೋರಾಗಿ ಅತ್ತಿದ್ದ ಎಂದು ತಾಯಿ ಹೇಳಿದರು. "ಅಮ್ಮ" ಎನ್ನಲು ಹೇಳಿದೆ. ಅದು "ಅಬ್ಬ" ಎಂದು ಕೇಳಿಸಲಿಲ್ಲ, ಮಕಾರ ಮೂಗಿನಲ್ಲಿ ಸ್ವಲ್ಪವಾದರೂ ಅನುರಣಿಸಿತು. ಹನಿ ಹಾಕಿದ ಹತ್ತು ನಿಮಿಷಕ್ಕೆ ಬಾಯಿ ಮುಚ್ಚಿ ಆಟವಾಡತೊಡಗಿದ. ವಿಡಿಯೊದಲ್ಲಿ ಗಡ್ಡೆ ಅರ್ಧದಷ್ಟು ಮಾತ್ರ. ಮೂಗಿನ ಮುಂಭಾಗವೆಲ್ಲ ಅಲರ್ಜಿಯ ಬಿಳಿಚಿದ ಊತ, ನೀರಿನಂಥ ಸಿಂಬಳ. ಗಂಟಲು ನೋವನ್ನು ಬಿಡಿಸಿ ಕೇಳಿದಾಗ ಜ್ವರವಿಲ್ಲ. ಬೆಳಿಗ್ಗೆ ಎದ್ದಾಗ ನೋವು, ಒಂದೆರಡು ಗಂಟೆಯಲ್ಲಿ ಮಾಯ. ಅದು ರಾತ್ರಿಯಿಡೀ ಬಾಯಲ್ಲಿ ಉಸಿರಾಡಿ ಒಣಗಿದ ಗಂಟಲು. ಟಾನ್ಸಿಲ್ ತೆಗೆಯಬೇಕೇ ಎಂದು ನಿರ್ಧರಿಸಲು ಬಳಸುವ, ವರ್ಷಕ್ಕೆ ಏಳು ಬಾರಿ ಗಂಟಲು ನೋವು ಎಂಬ ಲೆಕ್ಕಕ್ಕೆ ಇದನ್ನು ಸೇರಿಸಬಾರದು. ಮೊಮೆಟಸೋನ್ ಸ್ಪ್ರೇ, ದಿನಕ್ಕೊಮ್ಮೆ ಪ್ರತಿ ಹೊಳ್ಳೆಗೆ ಒಂದು ಸಲ, ಎಂಟು ವಾರ. ಮತ್ತೆ ನೋಡಿದಾಗ ಗಡ್ಡೆ ಮೂರನೆಯ ಒಂದು ಪಾಲಿಗೆ ಇಳಿದಿತ್ತು. ನೆಗಡಿಯಾದಾಗ ಮಾತ್ರ ಗೊರಕೆ. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ.

ವಿಡಿಯೊ ಗಡ್ಡೆಯ ಗಾತ್ರ ಹೇಳುತ್ತದೆ, ರಾತ್ರಿಯ ಉಸಿರಿನ ಕತೆ ಹೇಳುವುದಿಲ್ಲ. ಅದಕ್ಕೆ ಮನೆಯವರ ಮೊಬೈಲ್ ಬೇಕು. ಬೆಳಗಿನ ಜಾವ, ಅಂಗಿ ತೆಗೆದು, ಎದೆ ಮತ್ತು ಮುಖ ಎರಡೂ ಕಾಣುವಂತೆ ಎರಡು ನಿಮಿಷ ಚಿತ್ರಿಸಲು ಹೇಳುತ್ತೇನೆ. ಕನಸಿನ ನಿದ್ದೆ ಹೆಚ್ಚಿರುವ ಆ ಹೊತ್ತಿನಲ್ಲೇ ಮಕ್ಕಳ ಉಸಿರು ಹೆಚ್ಚು ಕಟ್ಟುತ್ತದೆ. ಎದೆ ಒಳಕ್ಕೆ ಸೆಳೆಯುತ್ತಿದ್ದು, ಉಸಿರು ನಿಂತು ಮತ್ತೆ ಏದುಸಿರಿನೊಂದಿಗೆ ಶುರುವಾದರೆ, ಗಡ್ಡೆ ಅರ್ಧವೇ ಇದ್ದರೂ ಸುಮ್ಮನಿರುವುದಿಲ್ಲ. ಟಾನ್ಸಿಲ್‌ಗಳನ್ನು ಮತ್ತೆ ನೋಡುತ್ತೇನೆ, ಅನುಮಾನ ಉಳಿದರೆ ನಿದ್ರಾ ಪರೀಕ್ಷೆಗೆ ಕಳುಹಿಸುತ್ತೇನೆ. ಕಿವಿಪರದೆಯ ಹಿಂದೆ ನೀರು ತುಂಬಿದೆಯೇ ಎಂದು ಟಿಂಪನೊಮೆಟ್ರಿಯನ್ನೂ ಮಾಡಿಸುತ್ತೇನೆ.

ಒಂದು ತಪ್ಪನ್ನು ಬರೆಯಲೇಬೇಕು. ಬಹಳ ಹಿಂದೆ ಒಬ್ಬ ಹುಡುಗಿಯ ಅಡಿನಾಯ್ಡ್ ತೆಗೆದೆ. ಗೊರಕೆ ನಿಂತಿತು, ಆದರೆ ಮಾತೆಲ್ಲ ಮೂಗಿನಿಂದ ಬರತೊಡಗಿತು, ಕುಡಿದ ನೀರು ಮೂಗಿಗೆ ಬರುತ್ತಿತ್ತು. ಅವಳ ಅಂಗುಳದ ಪೊರೆಯಡಿ ಸೀಳು ಅಡಗಿತ್ತು. ಅಂಗುಳ ಮುಚ್ಚಲಾಗದ, ಮೂಗು ಮತ್ತು ಗಂಟಲಿನ ನಡುವಿನ ಕಂಡಿಯನ್ನು ಗಡ್ಡೆಯೇ ಮುಚ್ಚಿಕೊಂಡಿತ್ತು, ನಾನು ಬೆರಳಿಟ್ಟು ನೋಡಿರಲಿಲ್ಲ. ಮಾತಿನ ತರಬೇತಿ, ಆ ಮೇಲೆ ಅಂಗುಳದ ಶಸ್ತ್ರಚಿಕಿತ್ಸೆ ಎಂದು ಆ ಮನೆಯವರು ಎರಡು ವರ್ಷ ಅಲೆದರು. ಈಗ ಸ್ಕೋಪ್ ಮುಗಿದ ಮೇಲೆ, ಮಗು ಅಳುತ್ತಾ ಬಾಯಿ ತೆರೆದಿರುವಾಗಲೇ, ಕಿರುನಾಲಿಗೆ ಎರಡಾಗಿ ಸೀಳಿದೆಯೇ ಎಂದು ನೋಡುತ್ತೇನೆ, ನಡುವೆ ನೀಲಿಛಾಯೆಯ ತೆಳು ಗೆರೆ ಕಾಣುತ್ತದೆಯೇ ಎಂದು ಹುಡುಕುತ್ತೇನೆ, ಗಟ್ಟಿ ಅಂಗುಳದ ಹಿಂಬದಿಯ ಅಂಚಿನ ಮೇಲೆ ಬೆರಳು ಸರಿಸಿ ಕಚ್ಚು ಇದೆಯೇ ಎಂದು ಮುಟ್ಟಿ ನೋಡುತ್ತೇನೆ.